ಸಂಜೆಯಾದರೆ ಮೊಲೆ ಬಿಡದ ಕೂಸು

ನವಜಾತ ಶಿಶು ಹಗಲು ರಾತ್ರಿ ಸೇರಿ 8ರಿಂದ 12 ಸಲ ಹಾಲು ಕುಡಿಯುತ್ತದೆ. ಆದರೆ ಈ ಸರದಿಗಳು ಗಡಿಯಾರ ನೋಡಿಕೊಂಡು ಬರುವುದಿಲ್ಲ. ಎಷ್ಟೋ ಕೂಸುಗಳು ಸಂಜೆ ಐದಾರು ಗಂಟೆಯಿಂದ ರಾತ್ರಿ ಹತ್ತು ಹನ್ನೊಂದರವರೆಗೆ ಅರ್ಧ ಗಂಟೆಗೋ ಮುಕ್ಕಾಲು ಗಂಟೆಗೋ ಮೊಲೆ ಕೇಳುತ್ತವೆ. ಸ್ವಲ್ಪ ಹೊತ್ತು ಚೀಪಿ ಕಣ್ಣು ಮುಚ್ಚುತ್ತವೆ, ತೊಟ್ಟಿಲಿಗೆ ಹಾಕಿದೊಡನೆ ಮತ್ತೆ ಬಾಯಿ ತೆರೆಯುತ್ತವೆ. ಹೀಗೆ ಗುಂಪುಗುಂಪಾಗಿ ಕುಡಿಯುವುದಕ್ಕೆ ಕ್ಲಸ್ಟರ್ ಫೀಡಿಂಗ್ ಎನ್ನುತ್ತಾರೆ.

ಸಂಜೆಯ ಹೊತ್ತಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ ಸಿಗುವ ಹಾಲು ಬೆಳಗಿನದಕ್ಕಿಂತ ಕಡಿಮೆ, ಕೊಬ್ಬು ಹೆಚ್ಚು. ಹಾಗಾಗಿ ಕೂಸು ಸಣ್ಣ ಸಣ್ಣ ಕಂತುಗಳಲ್ಲಿ ಕುಡಿದು ತನ್ನ ಪಾಲನ್ನು ಭರ್ತಿ ಮಾಡಿಕೊಳ್ಳುತ್ತದೆ. ರಾತ್ರಿ ಹಗಲಿನ ವ್ಯತ್ಯಾಸವೂ ಅದಕ್ಕೆ ಇನ್ನೂ ತಿಳಿದಿರುವುದಿಲ್ಲ. ದೇಹದೊಳಗಿನ ಗಡಿಯಾರ ಒಂದು ಹದಕ್ಕೆ ಬರಲು ಎರಡು ಮೂರು ತಿಂಗಳು ಬೇಕು.

ಇದರ ಮೇಲೆ ಬೆಳವಣಿಗೆಯ ಜಿಗಿತಗಳು ಬರುತ್ತವೆ. ಎರಡು ಮೂರು ವಾರಕ್ಕೊಮ್ಮೆ, ಆರು ವಾರಕ್ಕೊಮ್ಮೆ, ಮೂರು ತಿಂಗಳಿಗೊಮ್ಮೆ ಎಂದು ಹೇಳುವ ರೂಢಿಯಿದೆ. ಆಗ ಎರಡು ಮೂರು ದಿನ, ಅಪರೂಪಕ್ಕೆ ಒಂದು ವಾರ, ಕೂಸು ಹಗಲಲ್ಲೂ ರಾತ್ರಿಯಲ್ಲೂ ಹೆಚ್ಚು ಕುಡಿಯುತ್ತದೆ. ಈ ತಾರೀಖುಗಳನ್ನು ಪಂಚಾಂಗದಂತೆ ನಂಬಬೇಕಿಲ್ಲ. ಶಿಶುಗಳ ಉದ್ದ ದಿನದಿನವೂ ಸಮನಾಗಿ ಏರದೆ, ಕೆಲದಿನ ನಿಂತು ಒಮ್ಮೆಲೇ ಜಿಗಿಯುತ್ತದೆ ಎಂದು ಅಮೆರಿಕದ ಸಂಶೋಧಕಿ ಮಿಶೆಲ್ ಲ್ಯಾಂಪಲ್ 1992ರಲ್ಲಿ ತೋರಿಸಿದರು. ಆ ಜಿಗಿತಗಳ ನಡುವಿನ ಅಂತರ ಮಗುವಿನಿಂದ ಮಗುವಿಗೆ ಬೇರೆ ಬೇರೆಯಾಗಿತ್ತು.

ಇಂಥ ರಾತ್ರಿಗಳಲ್ಲಿ ಮನೆಯಲ್ಲಿ ಮೊದಲು ಕೇಳಿಬರುವ ಮಾತು, 'ಹಾಲು ಸಾಲುತ್ತಿಲ್ಲ' ಎಂಬುದು. ಸಂಜೆ ಎದೆ ಮೆತ್ತಗಿರುವುದನ್ನು ನೋಡಿ ಬಾಣಂತಿಯೂ ಹಾಗೇ ಅಂದುಕೊಳ್ಳುತ್ತಾಳೆ. ಸರಿ, ಮಲಗುವ ಮುಂಚೆ ಒಂದು ಬಾಟಲಿ ಡಬ್ಬಿಹಾಲು ಕೊಡಲಾಗುತ್ತದೆ. ಕೂಸು ಒಂದಷ್ಟು ಹೊತ್ತು ಮಲಗುತ್ತದೆ, ಊಹೆ ನಿಜವಾಯಿತು ಎನಿಸುತ್ತದೆ. ಆದರೆ ಎದೆಯಲ್ಲಿ ಹಾಲು ಎಷ್ಟು ಖಾಲಿಯಾಗುತ್ತದೋ ಅಷ್ಟೇ ಹೊಸದಾಗಿ ಊರುತ್ತದೆ. ತುಂಬಿಕೊಂಡೇ ಉಳಿದರೆ ತಯಾರಿಕೆ ತಗ್ಗುತ್ತದೆ. ಅಗತ್ಯವಿಲ್ಲದ ಬಾಟಲಿ ದಿನವೂ ಮುಂದುವರಿದರೆ ಇಲ್ಲದ ಕೊರತೆ ನಿಜವಾಗಿಯೇ ಹುಟ್ಟುತ್ತದೆ.

ಹಾಲು ಸಾಲುತ್ತಿದೆಯೇ ಎಂಬುದಕ್ಕೆ ಸಾಕ್ಷಿ ಸಿಗುವುದು ಒದ್ದೆ ಬಟ್ಟೆಯಲ್ಲಿ ಮತ್ತು ತಕ್ಕಡಿಯಲ್ಲಿ. ಐದನೆಯ ದಿನದ ನಂತರ 24 ಗಂಟೆಗೆ ಆರು ಸಲವಾದರೂ ತಿಳಿಬಣ್ಣದ ಮೂತ್ರವಾಗಬೇಕು. ಹುಟ್ಟಿದ ಮೊದಲ ದಿನಗಳಲ್ಲಿ ಇಳಿದ ತೂಕ ಹತ್ತರಿಂದ ಹದಿನಾಲ್ಕು ದಿನದೊಳಗೆ ಮರಳಬೇಕು; ಆಮೇಲೆ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಬೇಕು.

2.9 ಕಿಲೋ ತೂಗಿ ಹುಟ್ಟಿದ ಎರಡು ಕೂಸುಗಳನ್ನು ಊಹಿಸಿಕೊಳ್ಳಬಹುದು. ಎರಡಕ್ಕೂ ಮೂರು ವಾರ. ಎರಡೂ ಮೂರು ರಾತ್ರಿಯಿಂದ ಸಂಜೆ ಆರರಿಂದ ಹನ್ನೊಂದರವರೆಗೆ ಮೊಲೆ ಬಿಟ್ಟಿಲ್ಲ. ಮೊದಲನೆಯದು ಈಗ 3.15 ಕಿಲೋ ಇದೆ, ದಿನಕ್ಕೆ ಏಳು ಸಲ ಬಟ್ಟೆ ಒದ್ದೆಯಾಗುತ್ತದೆ, ಕುಡಿಯುವಾಗ ಗುಟುಕು ನುಂಗುವ ಸದ್ದು ಕೇಳುತ್ತದೆ, ಹನ್ನೊಂದರ ನಂತರ ಮೂರು ಗಂಟೆ ನಿದ್ದೆ ಮಾಡುತ್ತದೆ. ಇದಕ್ಕೆ ಮೊಲೆಯಲ್ಲದೆ ಬೇರೇನೂ ಬೇಕಿಲ್ಲ. ಎರಡನೆಯದು 2.8 ಕಿಲೋ ಮಾತ್ರ. ದಿನಕ್ಕೆ ಮೂರೇ ಸಲ, ಅದೂ ಗಾಢ ಹಳದಿಯ ಮೂತ್ರ. ನುಂಗುವ ಸದ್ದು ಅಪರೂಪ, ಚೀಪುತ್ತಲೇ ತೂಕಡಿಕೆ. ಹೊರನೋಟಕ್ಕೆ ಅದೇ ರಾತ್ರಿ, ಆದರೆ ಇದು ಹೊಟ್ಟೆ ತುಂಬದ ಕೂಸು. ಮೊಲೆ ಹಿಡಿಯುವ ರೀತಿಯನ್ನು ಅದೇ ದಿನ ವೈದ್ಯರೋ ನುರಿತ ದಾದಿಯೋ ನೋಡಬೇಕು. ಸದ್ಯಕ್ಕೆ ಪೂರಕ ಹಾಲು ಬೇಕೇ ಎಂಬುದನ್ನೂ ಅವರೇ ಹೇಳಬೇಕು. ಮನೆಗೆ ಬರುವ ಆಶಾ ಕಾರ್ಯಕರ್ತೆಯರು ತೂಕ ನೋಡುತ್ತಾರೆ. ಆ ಸಂಖ್ಯೆಗಳನ್ನು ತಾಯಿ ಕಾರ್ಡಿನಲ್ಲಿ ಬರೆಸಿಟ್ಟುಕೊಂಡರೆ ಇಂಥ ಹೋಲಿಕೆ ಸುಲಭ.

ಸಂಜೆಯ ಅಳುವೆಲ್ಲ ಹಸಿವೆಯದಲ್ಲ. ಗುಂಪಾಗಿ ಕುಡಿಯುವ ಕೂಸು ಮೊಲೆ ಸಿಕ್ಕರೆ ಸುಮ್ಮನಾಗುತ್ತದೆ. ಸುಮಾರು ಆರು ವಾರದ ಹೊತ್ತಿಗೆ ತುತ್ತತುದಿ ಮುಟ್ಟುವ ಇನ್ನೊಂದು ಬಗೆಯ ಅಳುವಿದೆ. ಆಗ ಮೊಲೆ ಕೊಟ್ಟರೂ ಕೂಸು ದೂಡಿ, ಮೈ ಬಿಗಿದು ಅಳುತ್ತದೆ. ತೂಕ ಸರಿಯಾಗಿದ್ದು ಬೇರೆ ಲಕ್ಷಣಗಳಿಲ್ಲದಿದ್ದರೆ ಅದೂ ಮೂರು ನಾಲ್ಕು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ.

ನಿದ್ರಾಹೀನತೆ ಎಂಬ ಹೆಸರನ್ನು ಆರು ತಿಂಗಳೊಳಗಿನ ಮಗುವಿಗೆ ವೈದ್ಯರು ಸಾಮಾನ್ಯವಾಗಿ ಕೊಡುವುದಿಲ್ಲ. ಆ ವಯಸ್ಸಿನಲ್ಲಿ ಪದೇಪದೇ ಎಚ್ಚರವಾಗುವುದೇ ಸಹಜ. ಅದಕ್ಕೇ ಎಳೆಗೂಸಿನ ನಿಜವಾದ ತೊಂದರೆ ನಿದ್ದೆ ಕೆಡುವುದರಲ್ಲಿ ಕಾಣುವುದಕ್ಕಿಂತ ಅತಿಯಾದ ನಿದ್ದೆಯಲ್ಲೋ ಉಸಿರಾಟದಲ್ಲೋ ಕಾಣುವುದು ಹೆಚ್ಚು. ಹಾಲಿಗೆ ಎಬ್ಬಿಸಿದರೂ ಏಳದಿರುವುದು, ಚೀಪುವ ಶಕ್ತಿ ಕುಂದುವುದು, ಮಲಗಿದಾಗ ಉಸಿರು 20 ಸೆಕೆಂಡಿನಷ್ಟು ನಿಲ್ಲುವುದು, ತುಟಿ ನೀಲಿಗಟ್ಟುವುದು, ಉಸಿರಿಗೆ ಎದೆ ಒಳಸೇದುವುದು, ಹಸಿರು ವಾಂತಿ, ಮೂರು ತಿಂಗಳೊಳಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಿನ ಜ್ವರ: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.