ಟಚ್‌ಪ್ಯಾಡ್ ಬದಲಿಸುವ ಮೊದಲು ಚಾರ್ಜರ್ ಕಿತ್ತು ನೋಡಿ

ಲ್ಯಾಪ್‌ಟಾಪ್‌ನ ಕರ್ಸರ್ ಎಲ್ಲೆಂದರಲ್ಲಿ ಹಾರತೊಡಗಿದರೆ ಟಚ್‌ಪ್ಯಾಡ್ ಕೆಟ್ಟಿತೆಂದೇ ಹೆಚ್ಚಿನವರು ತೀರ್ಮಾನಿಸುತ್ತಾರೆ. ಎಷ್ಟೋ ಸಲ ಅದು ತಪ್ಪು.

ಟಚ್‌ಪ್ಯಾಡ್‌ನ ನುಣುಪಾದ ಮೈ ಕೆಳಗೆ ಅಡ್ಡಡ್ಡ, ಉದ್ದುದ್ದ ವಾಹಕ ಗೆರೆಗಳ ಜಾಲವಿರುತ್ತದೆ. ಬೆರಳು ತಾಗಿದೆಡೆ ವಿದ್ಯುದಂಶ ಹಿಡಿದಿಡುವ ಶಕ್ತಿ ಕೂದಲೆಳೆಯಷ್ಟು ಬದಲಾಗುತ್ತದೆ. ಬೆರಳು ಎಲ್ಲಿದೆಯೆಂದು ಚಿಪ್ ಲೆಕ್ಕ ಹಾಕುವುದು ಅದರಿಂದಲೇ. ಬೆವರಿದ ಕೈ ಈ ಲೆಕ್ಕ ತಪ್ಪಿಸಬಲ್ಲದು, ಚಾರ್ಜರ್‌ನಿಂದ ಬರುವ ವಿದ್ಯುತ್ ಗದ್ದಲವೂ ಅಷ್ಟೇ.

ಒಬ್ಬ ವಿದ್ಯಾರ್ಥಿಯ ಲ್ಯಾಪ್‌ಟಾಪ್ ಕಾಲೇಜಿನಲ್ಲಿ ಸರಿಯಾಗಿದ್ದು, ರೂಮಿಗೆ ಬಂದೊಡನೆ ಕುಣಿಯುತ್ತದೆ ಅನ್ನಿ. ಚಾರ್ಜರ್ ಕಿತ್ತರೆ ಶಾಂತ, ಚುಚ್ಚಿದರೆ ಮತ್ತೆ ಕುಣಿತ. ಹಾಗಿದ್ದರೆ ನೋಡಬೇಕಾದದ್ದು ರೂಮಿನ ಎಕ್ಸ್‌ಟೆನ್ಷನ್ ಬೋರ್ಡನ್ನು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರ್ ಮೂಲಕ ಸಿಕ್ಕಿಸಿದ್ದರೆ ಅರ್ಥಿಂಗ್ ಅಲ್ಲಿಗೇ ತಪ್ಪಿತು. ಅರ್ಥಿಂಗ್ ಇರುವ ಸಾಕೆಟ್‌ನಲ್ಲೂ ಕುಣಿದರೆ ಅದೇ ಮಾದರಿಯ ಬೇರೆ ಚಾರ್ಜರ್ ಹಾಕಿ ನೋಡಿ. ಅದರಲ್ಲಿ ಸರಿಹೋದರೆ ದೋಷ ಹಳೆಯ ಚಾರ್ಜರಿನದು.

ಒಂದು ಬೆರಳಿಗೆ ಕರ್ಸರ್ ಓಡುತ್ತದೆ, ಎರಡು ಬೆರಳಿಗೆ ಪುಟ ಸರಿಯುವುದಿಲ್ಲ, ಮೂರು ಬೆರಳಿಗಂತೂ ಉತ್ತರವೇ ಇಲ್ಲ. ಇದು ಬೇರೆ ಕಥೆ. ಬೆರಳು ಒಂದಿರಲಿ ಮೂರಿರಲಿ, ಗುರುತಿಸುವುದು ಅದೇ ಜಾಲ. ಹಾಗಾಗಿ ಇಲ್ಲಿ ಮೊದಲ ಅನುಮಾನ ಡ್ರೈವರ್ ಮೇಲೆ. ವಿಂಡೋಸ್‌ನ Device Manager ತೆರೆದು Human Interface Devices ಅಡಿಯಲ್ಲಿ HID-compliant touch pad ಇದೆಯೇ ನೋಡಿ. ಅದು ಕಾಣದೆ, ಮೌಸ್‌ಗಳ ಪಟ್ಟಿಯಲ್ಲಿ PS/2 Compatible Mouse ಮಾತ್ರ ಇದ್ದರೆ ವಿಂಡೋಸ್ ನಿಮ್ಮ ಟಚ್‌ಪ್ಯಾಡನ್ನು ಬರೀ ಮೌಸ್ ಎಂದು ತಿಳಿದಿರುವ ಸಾಧ್ಯತೆ ಹೆಚ್ಚು. ತಯಾರಕರ ತಾಣದಲ್ಲಿ ನಿಮ್ಮದೇ ಮಾದರಿಗೆ ಕೊಟ್ಟಿರುವ ಟಚ್‌ಪ್ಯಾಡ್ ಮತ್ತು ಚಿಪ್‌ಸೆಟ್ ಡ್ರೈವರ್‌ಗಳನ್ನು ಹಾಕಿಕೊಳ್ಳಿ.

ಇಷ್ಟಾದರೂ ಸರಿಹೋಗದಿದ್ದರೆ ವಿಂಡೋಸನ್ನೇ ಬದಿಗಿಟ್ಟು ನೋಡುವುದು ನನಗೆ ಮೆಚ್ಚಿನ ದಾರಿ. ಪೆನ್‌ಡ್ರೈವ್‌ನಲ್ಲಿ ಉಬುಂಟು ತುಂಬಿಸಿ, ಇನ್‌ಸ್ಟಾಲ್ ಮಾಡದೆ ಹಾಗೇ ಓಡಿಸಿ, ಚಾರ್ಜರ್ ಕಿತ್ತಿಟ್ಟು ಟಚ್‌ಪ್ಯಾಡಿನ ಮೂಲೆಮೂಲೆಗೂ ಬೆರಳಾಡಿಸಿ. ಅಲ್ಲೂ ಅದೇ ಜಾಗದಲ್ಲಿ ಕರ್ಸರ್ ಹಾರಿದರೆ ಅಥವಾ ಬೆರಳು ಎತ್ತಿದ ಮೇಲೂ ಓಡಾಡಿದರೆ ಹಾರ್ಡ್‌ವೇರ್ ದೋಷವೆಂದೇ ಹೆಚ್ಚುಕಡಿಮೆ ಹೇಳಬಹುದು. ಆದರೆ ಟಚ್‌ಪ್ಯಾಡ್ ಅಲ್ಲಿ ಸುಮ್ಮನಿತ್ತೆಂಬುದೊಂದೇ ಸಾಕ್ಷಿಯಾಗದು. ತೀರಾ ಹೊಸ ಮಾದರಿಗಳು ಲಿನಕ್ಸ್‌ಗೆ ಗೊತ್ತಿಲ್ಲದೆಯೂ ಇರಬಹುದು. ಅಂಗೈ ಊರುವ ಜಾಗವನ್ನು ಮೆಲ್ಲಗೆ ಅದುಮಿದಾಗ ಒಮ್ಮೆ ಬಂದು ಒಮ್ಮೆ ಹೋದರೆ, ಒಳಗಿನ ಚಪ್ಪಟೆ ಕೇಬಲ್ ಸಡಿಲವಾಗಿರುವ ಸಂಭವವಿದೆ.

ಇದಕ್ಕೆಲ್ಲ ಮೊದಲೇ ಒಮ್ಮೆ ಸ್ಕೇಲನ್ನು ಟಚ್‌ಪ್ಯಾಡಿನ ಮೇಲೆ ಅಡ್ಡ ಇಟ್ಟು ನೋಡುವುದು ಒಳ್ಳೆಯದು. ನಡುವೆ ಉಬ್ಬಿದ್ದರೆ, ಕ್ಲಿಕ್ ಬಿಗಿಯಾಗಿದ್ದರೆ ಕೆಳಗಿನ ಬ್ಯಾಟರಿ ಊದಿಕೊಂಡಿರಬಹುದು. ಹಾಗೆ ಕಂಡರೆ ಬೇರೆ ಪರೀಕ್ಷೆಗಳನ್ನೆಲ್ಲ ಬಿಟ್ಟು ಲ್ಯಾಪ್‌ಟಾಪ್ ಆರಿಸಿ, ಚಾರ್ಜರ್ ತೆಗೆಯಿರಿ. ಉಬ್ಬನ್ನು ಅದುಮಬೇಡಿ, ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹತ್ತಬಹುದು. ಬ್ಯಾಟರಿ ಬದಲಾದೊಡನೆ ಟಚ್‌ಪ್ಯಾಡ್ ತಾನಾಗಿ ಸರಿಹೋಗುವುದೂ ಉಂಟು. ಅದನ್ನು ಪರೀಕ್ಷಿಸದೆ ಹೊಸ ಟಚ್‌ಪ್ಯಾಡಿಗೆ ದುಡ್ಡು ಕೊಡಬೇಡಿ.