ಸರ್ವರು ಮಲಗಿದ ರಾತ್ರಿಯಲಿ

ಗುರುಗ್ರಾಮದ ನಮ್ಮ ಹಿಂದಿ ಗೆಳೆಯರು ಆಫ್‌ಸೈಟ್‌ಗೆ ಬೇಕಾದ ತಂಡದ ಹಾಡನ್ನು ಚಹಾ ಆರುವುದರೊಳಗೆ ಬರೆದು ಮುಗಿಸಿದ್ದರು. ಕೋಡ್, ಲೋಡ್, ರೋಡ್ ಎಂದು ಸಾಲಿನ ಕೊನೆಗೆ ಇಂಗ್ಲಿಷ್ ಪದ ಇಟ್ಟರೆ ಅವರಿಗೆ ಪ್ರಾಸ ತಾನಾಗಿ ಬರುತ್ತಿತ್ತು. ಅದೇ ಕಂಪನಿಯ ಕನ್ನಡಿಗರು ನಾವು ಕೆಲವರೇ. ನೀಮ್ರಾಣಾದ ಆ ಆಫ್‌ಸೈಟ್‌ನಲ್ಲಿ ನಮ್ಮದೂ ಒಂದು ಹಾಡಿರಲಿ, ತಂತ್ರಜ್ಞಾನದ ಪದಗಳೆಲ್ಲ ಅದರಲ್ಲಿ ಬರಲಿ ಎಂದು ಕೂತೆವು. ಮೊದಲು ಬಂದ ಸಾಲುಗಳು ಹೀಗಿದ್ದವು: ಕೋಡನು ರಿವ್ಯೂ ಮಾಡೋಣ, ಟೆಸ್ಟನು ರನ್ನೂ ಮಾಡೋಣ, ರಾತ್ರಿ ಡಿಪ್ಲಾಯ್ ಮಾಡೋಣ.

ಹಾಡಿ ನೋಡಿದರೆ ಸಪ್ಪೆ. ಕಾರಣ ಕನ್ನಡ ವಾಕ್ಯದ ಕಟ್ಟಿನಲ್ಲೇ ಇದೆ. ಇಂಗ್ಲಿಷ್ ಕ್ರಿಯೆ ಕನ್ನಡಕ್ಕೆ ಬಂದರೆ ಹೆಚ್ಚಾಗಿ ‘ಮಾಡು’ ಅಥವಾ ‘ಆಗು’ ಜೊತೆಗೆ ಬರುತ್ತದೆ, ಆ ಕ್ರಿಯಾಪದ ಸಾಮಾನ್ಯವಾಗಿ ಕೊನೆಯಲ್ಲೇ ಕೂರುತ್ತದೆ. ಪ್ರತಿ ಸಾಲಿನ ತುದಿಯಲ್ಲೂ ಒಂದೇ ಪದ ಬಂದರೆ ಅದು ಪುನರುಕ್ತಿ, ಪ್ರಾಸವಲ್ಲ. ಹಿಂದಿಯವರಂತೆ ‘ಕೋಡ್’ ಎಂದು ವ್ಯಂಜನಕ್ಕೇ ಸಾಲು ನಿಲ್ಲಿಸಿ ನೋಡಿದೆವು. ರಾಗ ಎಳೆಯಲು ಅಲ್ಲಿ ಸ್ವರವೇ ಇಲ್ಲ.

ದಾರಿ ತೋರಿದ್ದು ಕೈಲಾಸಂ. ಧಾರವಾಡದ ಗೆಳೆಯರೊಬ್ಬರು ಅವರ ನಾಟಕಗಳ ಹೆಸರು ನೆನಪಿಸಿಕೊಳ್ಳುತ್ತ ‘ಹೋಂ ರೂಲು’, ‘ನಂ ಕ್ಲಬ್ಬು’ ಎಂದರು. ಉತ್ತರ ಅಲ್ಲೇ ಇತ್ತು. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ನಮ್ಮ ಬಾಯಿ ಉಕಾರ ಸೇರಿಸುತ್ತದೆ. ಹಿಂದಿನ ಸ್ವರ ದೀರ್ಘವಿದ್ದರೆ ಅಷ್ಟೇ ಸಾಕು: ರೂಲು, ಕಾರು, ಕೋಡು. ಕ್ಲಬ್, ಬಸ್, ಬಗ್‌ನಂಥ ಒಂದೇ ಉಚ್ಚಾರದ ಗಿಡ್ಡ ಪದವಾದರೆ ವ್ಯಂಜನ ಇಮ್ಮಡಿಸುತ್ತದೆ: ಕ್ಲಬ್ಬು, ಬಸ್ಸು, ಬಗ್ಗು. ಹೀಗೆ ಒಗ್ಗಿದ ಪದ ವಿಭಕ್ತಿಯನ್ನೂ ಹೊರುತ್ತದೆ, ಆದಿಪ್ರಾಸಕ್ಕೂ ಸಿಗುತ್ತದೆ.

ಆದಿಪ್ರಾಸವೆಂದರೆ ಸಾಲುಗಳ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರುವುದು. ಹಳೆಯ ಛಂದಸ್ಸಿನವರು ಇದನ್ನು ಆರು ಬಗೆಯಾಗಿ ವಿಂಗಡಿಸಿದ್ದರು. ಮೊದಲಕ್ಷರ ದೀರ್ಘವಿದ್ದರೆ ಗಜಪ್ರಾಸ: ಕೋಡು, ಹಾಡು. ಎರಡನೆಯದು ಸಜಾತಿಯ ಒತ್ತಕ್ಷರವಾದರೆ ಹಯಪ್ರಾಸ: ಬಗ್ಗು, ಹಿಗ್ಗು. ಪಂಪನ ಕಾಲದ ಲೆಕ್ಕಕ್ಕೆ ನಮ್ಮ ಸಾಫ್ಟ್‌ವೇರ್ ಪದಗಳು ಇಷ್ಟು ಸಲೀಸಾಗಿ ಕೂತದ್ದು ನನಗೆ ಇಂದಿಗೂ ಹೆಮ್ಮೆ.

ಆಮೇಲೆ ಕೆಲಸ ಓಡಿತು. ‘ಸರ್ವರು ಡೌನು’ ಎಂದು ಒಬ್ಬರು ಬರೆದದ್ದನ್ನು ಧಾರವಾಡದವರು ಗಟ್ಟಿಯಾಗಿ ಓದಿ, “ಸರ್ವರು ಮಲಗಿದ್ರ ಸರ್ವರಿಗೂ ಎಚ್ಚರ ನೋಡ್ರಿ” ಎಂದರು. ಅರ್ಧರಾತ್ರಿ ಅಲಾರ್ಮಿಗೆ ಎದ್ದು ಕೂತವರಿಗೆಲ್ಲ ಅದು ನಿಜವೆಂದು ಗೊತ್ತು. ನಾಲ್ಕು ಮಾತ್ರೆಯ ಗಣಕ್ಕೆ ಒಗ್ಗಿಸಿದೆವು:

ಸರ್ವರು ಮಲಗಿದ ರಾತ್ರಿಯಲಿ
ಸರ್ವರಿಗೆಚ್ಚರ ದಿಲ್ಲಿಯಲಿ
ಬಗ್ಗನು ಹುಡುಕಲು ಬಗ್ಗಿದೆವು
ಹಿಗ್ಗುತ ಬೆಳಗಿಗೆ ಹಾಡಿದೆವು

ಎಣಿಸಿ ನೋಡಿ. ‘ಸರ್ವರು’: ಒತ್ತಕ್ಷರದ ಹಿಂದಿನ ‘ಸ’ ಗುರು, ಎರಡು ಮಾತ್ರೆ, ಉಳಿದವು ಒಂದೊಂದು, ಒಟ್ಟು ನಾಲ್ಕು. ‘ಮಲಗಿದ’ ನಾಲ್ಕು, ‘ರಾತ್ರಿಯ’ ನಾಲ್ಕು. ಉಳಿಯುವ ‘ಲಿ’ಯನ್ನು ಹಾಡುವಾಗ ಎಳೆದುಕೊಳ್ಳಬಹುದು. ಚಪ್ಪಾಳೆ ಪ್ರತಿ ಗಣದ ಮೊದಲಿಗೆ ಬೀಳುತ್ತದೆ, ಅಲ್ಲಿ ಪ್ರತಿ ಸಾಲಿನಲ್ಲೂ ಪದದ ಆರಂಭವೇ ಸಿಗುತ್ತದೆ, ‘ಸರ್ವರಿ-ಗೆಚ್ಚರ’ ಒಂದನ್ನು ಬಿಟ್ಟರೆ. ಅಲ್ಲಿ ಸಂಧಿ ಎರಡು ಪದಗಳನ್ನು ಬೆಸೆದಿರುವುದರಿಂದ ಕಿವಿಗೆ ತೊಡಕಾಗುವುದಿಲ್ಲ.

ಎಲ್ಲ ಪದವೂ ಬಗ್ಗಲಿಲ್ಲ. ಕುಬರ್ನೆಟೀಸು ಹಟ ಹಿಡಿಯಿತು. ‘ಕುಬರ್ನೆ’ಯಲ್ಲಿ ಮಾತ್ರೆ ನಾಲ್ಕೇ, ಆದರೆ ಕ್ರಮ ಲಘು, ಗುರು, ಲಘು. ಅದು ಜಗಣ. ಗುರು ನಡುವೆ ಬರುವುದರಿಂದ ಚಪ್ಪಾಳೆ ಬೀಳುವಲ್ಲಿ ದನಿ ಸಣ್ಣದಾಗಿ, ಎರಡು ಚಪ್ಪಾಳೆಗಳ ನಡುವೆ ದೊಡ್ಡದಾಗುತ್ತದೆ, ನಡೆ ಕುಂಟುತ್ತದೆ. ಕಂದಪದ್ಯದ ಬೆಸಸ್ಥಾನಗಳಲ್ಲಿ ಜಗಣ ಬರಬಾರದೆಂಬ ನಿಯಮವನ್ನು ಶಾಲೆಯಲ್ಲಿ ಉರು ಹೊಡೆದಿದ್ದೆವು. ಅದರ ಹಿಂದಿನ ಕಾರಣ ಕೈಗೆ ಸಿಕ್ಕಿದ್ದು ನೀಮ್ರಾಣಾದ ಹಾಡಿಗಾಗಿ ಚಪ್ಪಾಳೆ ತಟ್ಟುವಾಗ. ಆ ಪದವನ್ನು ಕೈಬಿಟ್ಟೆವು. ಡಿಪ್ಲಾಯ್ಮೆಂಟು ಉದ್ದವಾದರೂ ‘ಡಿಪ್ಲಾಯ್-ಮೆಂಟಲಿ’ ಎಂದು ನಾಲ್ಕು-ನಾಲ್ಕಾಗಿ ಒಡೆಯುತ್ತದೆ, ಅದು ಮುಂದಿನ ಚರಣಕ್ಕೆ ಹೋಯಿತು.

ನಿಮ್ಮ ತಂಡಕ್ಕೂ ಇಂಥ ಹಾಡು ಬೇಕಿದ್ದರೆ, ರಾಗ ಹುಡುಕುವ ಮೊದಲು ನೀವು ದಿನವೂ ಆಡುವ ಪದಗಳನ್ನು ಉಕಾರದೊಂದಿಗೆ ಗಟ್ಟಿಯಾಗಿ ಹೇಳಿ ಮಾತ್ರೆ ಎಣಿಸಿ. ‘ಮಾಡು’ವನ್ನು ಸಾಲಿನ ಕೊನೆಯಿಂದ ಎಬ್ಬಿಸಿ.