ಮೀನು ಹುರಿದ ವಾಸನೆ ಎಲ್ಲಿ ಉಳಿಯುತ್ತದೆ?

ಮುಂಬಯಿಯಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಬ್ರೋಕರ್ ಕೇಳುವ ಮೊದಲ ಪ್ರಶ್ನೆ ಗೊತ್ತು. ಎಷ್ಟು ಜನ, ಎಲ್ಲಿ ಕೆಲಸ ಎನ್ನುವುದಕ್ಕಿಂತ ಮೊದಲು ‘ನಾನ್‌ವೆಜ್ ಮಾಡ್ತೀರಾ?’ ಎಂಬುದು ಬರುತ್ತದೆ. ನಮ್ಮ ಕರಾವಳಿಯವರು ಇದಕ್ಕೆ ಉತ್ತರ ಹೇಳುವಾಗ ಸ್ವಲ್ಪ ಗಂಟಲು ಸರಿಮಾಡಿಕೊಳ್ಳುತ್ತೇವೆ. ಮೀನು ತಿನ್ನುವುದರ ಬಗ್ಗೆ ಯಾರಿಗೂ ನೇರ ತಕರಾರಿಲ್ಲ, ತಕರಾರೆಲ್ಲ ವಾಸನೆಯದ್ದು ಎನ್ನುತ್ತಾರೆ. ಅದು ಪೂರ್ತಿ ನಿಜವಲ್ಲ ಎಂದು ನನಗೂ ಗೊತ್ತು. ಆದರೂ ವಾಸನೆಯ ಮಾತಿಗೆ ವಾಸನೆಯಿಂದಲೇ ಉತ್ತರ ಕೊಡಬಹುದು.

ನಾವಿರುವುದು ಡೊಂಬಿವಲಿಯಲ್ಲಿ, ಏಳು ಮಾಳಿಗೆಯ ಕಟ್ಟಡದ ಮೂರನೆಯದರಲ್ಲಿ, ಒನ್ ಬಿಎಚ್‌ಕೆ ಮನೆ. ಅಡುಗೆಮನೆ ಏಳು ಅಡಿ ಉದ್ದ, ಎಂಟು ಅಡಿ ಅಗಲ. ಬಾಗಿಲಿಲ್ಲ, ಹಾಲಿಗೆ ನೇರ ತೆರೆದುಕೊಂಡಿದೆ. ಒಂದು ಕಿಟಕಿ, ಅದರ ಮೇಲ್ಗಡೆ ಆರು ಇಂಚಿನ ಎಕ್ಸಾಸ್ಟ್ ಫ್ಯಾನ್. ಎರಡೂ ತೆರೆಯುವುದು ಕಟ್ಟಡದ ನಡುವಿನ ಡಕ್ಟಿಗೆ, ಅಂದರೆ ಪೈಪುಗಳೆಲ್ಲ ಇಳಿದು ಬರುವ ಆ ಕತ್ತಲ ಬಾವಿಗೆ. ಕಳೆದ ವರ್ಷ ಏಪ್ರಿಲ್‌ನಲ್ಲಿ ಮೇಲಿನ ಮನೆಯ ಗುಜರಾತಿ ಕುಟುಂಬದವರು ಸೊಸೈಟಿಗೆ ದೂರು ಕೊಟ್ಟರು. ‘ಕಿಟಕಿ ಮುಚ್ಚಿಕೊಂಡು ಹುರಿಯಿರಿ’ ಎಂದು ಸೊಸೈಟಿಯಿಂದ ಚೀಟಿ ಬಂತು, ಅದರ ಪ್ರತಿ ಮನೆಮಾಲೀಕರಿಗೂ ಹೋಯಿತು. ಹನ್ನೊಂದು ತಿಂಗಳ ಕರಾರು ಮುಗಿಯಲು ಎರಡೂವರೆ ತಿಂಗಳಿತ್ತು. ಊರಿಂದ ಬಂದಿದ್ದ ಅಮ್ಮ ಆ ಚೀಟಿ ನೋಡಿ ‘ನಾಳೆಯಿಂದ ಬಂಗುಡೆ ಬೇಡ ಮಗಾ, ಮಜ್ಜಿಗೆಹುಳಿ ಸಾಕು’ ಎಂದರು. ನನಗೆ ಬೇಸರವಾದದ್ದು ಚೀಟಿಗಿಂತ ಆ ಮಾತಿಗೆ.

ಮೀನಿನ ವಾಸನೆ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಎರಡು ಬೇರೆ ವಾಸನೆಗಳಿವೆ. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ನಡೆಯುವುದಿಲ್ಲ.

ಮೊದಲನೆಯದು ಹಸಿ ಮೀನಿನದು. ಸಮುದ್ರದ ಮೀನು ಸತ್ತ ಮೇಲೆ ಅದರ ಮೈಯೊಳಗಿನ ಒಂದು ವಸ್ತುವನ್ನು ಬ್ಯಾಕ್ಟೀರಿಯಾಗಳು ಟ್ರೈಮಿಥೈಲ್‌ಅಮೀನ್ ಎಂಬ ಅನಿಲವಾಗಿ ಬದಲಿಸುತ್ತವೆ. ಇದು ಕ್ಷಾರ. ಹುಳಿ ತಾಗಿದರೆ ಲವಣವಾಗಿ ಅಲ್ಲೇ ಕುಳಿತುಬಿಡುತ್ತದೆ, ಗಾಳಿಗೆ ಏಳುವುದಿಲ್ಲ. ಮೀನಿಗೆ ಲಿಂಬೆ, ಹುಣಸೆ, ಪುನರ್ಪುಳಿ ಹಾಕುವ ನಮ್ಮ ಹಿರಿಯರ ಪದ್ಧತಿ ರುಚಿಗೆ ಮಾತ್ರ ಹುಟ್ಟಿದ್ದಲ್ಲ ಎಂದು ನನ್ನ ಅನಿಸಿಕೆ. ಆದ್ದರಿಂದ ಕೊಯ್ದ ಹಲಗೆ, ಚೂರಿ, ಸಿಂಕು, ಕೈ ಇವಕ್ಕೆಲ್ಲ ಲಿಂಬೆಹೋಳು ಅಥವಾ ವಿನೆಗರ್ ಒಳ್ಳೆಯ ಮದ್ದು. ಅಡುಗೆಸೋಡಾವನ್ನು ವಿನೆಗರ್ ಜೊತೆ ಬೆರೆಸಿ ನೊರೆ ಎಬ್ಬಿಸುವುದನ್ನು ವಿಡಿಯೋಗಳಲ್ಲಿ ತೋರಿಸುತ್ತಾರೆ. ನೋಡಲು ಚಂದ, ಆದರೆ ಸೋಡಾವೂ ಕ್ಷಾರವೇ ಆದ್ದರಿಂದ ಎರಡೂ ಒಂದನ್ನೊಂದು ತಿಂದುಹಾಕುತ್ತವೆ, ಮೀನಿಗೆ ಏನೂ ಉಳಿಯುವುದಿಲ್ಲ.

ಎರಡನೆಯದು ಹುರಿದ ವಾಸನೆ. ಮರುದಿನ ಬೆಳಿಗ್ಗೆ ಲೋಕಲ್ ಟ್ರೇನಿನಲ್ಲಿ ನಮ್ಮ ಅಂಗಿಯಿಂದ ಬರುವುದು ಇದೇ. ಮೀನಿನ ನೀರು ಕಾದ ಎಣ್ಣೆಗೆ ಬಿದ್ದಾಗ ಸಿಡಿಯುತ್ತದಲ್ಲ, ಆಗ ಕಣ್ಣಿಗೆ ಕಾಣುವ ಹನಿಗಳ ಜೊತೆಗೆ ಕಾಣದಷ್ಟು ಸಣ್ಣ ಎಣ್ಣೆಯ ಕಣಗಳು ಮಂಜಿನಂತೆ ಏಳುತ್ತವೆ. ಅವು ತೇಲಿಕೊಂಡು ಹೋಗಿ ಟೈಲ್ಸ್, ಫ್ಯಾನಿನ ರೆಕ್ಕೆ, ಕರ್ಟನ್, ಸೋಫಾ, ಒಣಹಾಕಿದ ಟವೆಲ್ ಎಲ್ಲದರ ಮೇಲೂ ಕೂರುತ್ತವೆ. ಆ ಜಿಡ್ಡು ಗಾಳಿಯೊಂದಿಗೆ ಸೇರಿ ದಿನಗಟ್ಟಲೆ ಕಮಟುತ್ತಾ ವಾಸನೆಯನ್ನು ಬಿಡುತ್ತಲೇ ಇರುತ್ತದೆ. ಕಿಟಕಿ ತೆರೆದಿಟ್ಟು ಗಾಳಿಯನ್ನು ಹತ್ತು ಸಲ ಬದಲಿಸಿದರೂ ಗೋಡೆಯ ಮೇಲಿನ ಜಿಡ್ಡು ಹನ್ನೊಂದನೇ ಸಲದ ಗಾಳಿಗೂ ವಾಸನೆ ಕೊಡುತ್ತದೆ. ಅಗರಬತ್ತಿ, ರೂಮ್ ಸ್ಪ್ರೇ, ಚಕ್ಕೆ ಲವಂಗ ಕುದಿಸಿದ ನೀರು ಎಲ್ಲವೂ ಇದರ ಮೇಲೆ ಹೊದಿಸುವ ಚಾದರ ಮಾತ್ರ.

ಪರೀಕ್ಷಿಸಬೇಕೆ? ಒಲೆಯ ಹಿಂದಿನ ಟೈಲ್ಸನ್ನು, ತಲೆಯ ಎತ್ತರಕ್ಕಿಂತ ಮೇಲೆ, ಬಿಳಿ ಟಿಶ್ಯೂನಿಂದ ಒತ್ತಿ ಒರೆಸಿ. ಹಳದಿಯಾಗಿ ಅಂಟು ಬಂದರೆ ವಾಸನೆಯ ವಿಳಾಸ ಸಿಕ್ಕಿತು. ನಮ್ಮಲ್ಲಿ ಅತಿ ಹೆಚ್ಚು ಅಂಟು ಸಿಕ್ಕಿದ್ದು ಫ್ರಿಜ್ಜಿನ ತಲೆಯ ಮೇಲೆ.

ಹಾಗಾಗಿ ಕಣಗಳು ಕೂರುವ ಮೊದಲೇ ಹೊರಗೆ ಹೋಗುವಂತೆ ಮಾಡಬೇಕು. ಇಲ್ಲಿ ಎಕ್ಸಾಸ್ಟ್ ಫ್ಯಾನಿನ ವಿಷಯ ಬರುತ್ತದೆ. ಫ್ಯಾನ್ ಎಷ್ಟು ಗಾಳಿಯನ್ನು ಹೊರಗೆ ಎಸೆಯುತ್ತದೋ ಅಷ್ಟೇ ಗಾಳಿ ಬೇರೆ ಎಲ್ಲಿಂದಲೋ ಒಳಗೆ ಬರಬೇಕು. ಪಕ್ಕದ ಅಡುಗೆಮನೆ ಕಿಟಕಿಯೇ ತೆರೆದಿದ್ದರೆ ಫ್ಯಾನಿಗೆ ಸುಲಭದ ದಾರಿ ಅದೇ. ಕಿಟಕಿಯಿಂದ ಎಳೆದ ಗಾಳಿಯನ್ನು ಅಲ್ಲೇ ಹೊರಗೆ ಬಿಡುತ್ತಾ ಕೂರುತ್ತದೆ, ಒಲೆಯ ಮೇಲಿನ ಹೊಗೆ ನೆಮ್ಮದಿಯಾಗಿ ಹಾಲಿಗೆ ನಡೆಯುತ್ತದೆ. ಒಂದು ಭಾನುವಾರ ಅಡುಗೆಮನೆ ಮತ್ತು ಹಾಲು ಸೇರುವ ಜಾಗದಲ್ಲಿ ಅಗರಬತ್ತಿ ಹಿಡಿದು ನಿಂತೆ. ಕಿಟಕಿ, ಫ್ಯಾನ್ ಎರಡೂ ತೆರೆದಿದ್ದಾಗ ಹೊಗೆ ನನ್ನ ಹೆಗಲ ಮೇಲಿಂದ ಹಾಲಿನ ಕಡೆಗೆ ಹೋಯಿತು. ಅಡುಗೆಮನೆ ಕಿಟಕಿ ಮುಚ್ಚಿ, ಹಾಲಿನ ಪಶ್ಚಿಮದ ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದಾಗ ಹೊಗೆ ತಿರುಗಿ ಒಲೆಯ ಕಡೆ ಬಾಗಿತು. ಮಧ್ಯಾಹ್ನ ಕಡಲಗಾಳಿ ಪಶ್ಚಿಮದಿಂದ ಬೀಸುವುದರಿಂದ ಅದೂ ಹಿಂದಿನಿಂದ ದೂಡುತ್ತದೆ. ನಿಮ್ಮ ಹಾಲು ಯಾವ ದಿಕ್ಕಿಗಿದೆ ಎಂಬುದರ ಮೇಲೆ ಇದು ಬದಲಾಗಬಹುದು, ಆದ್ದರಿಂದ ನನ್ನ ಮಾತಿಗಿಂತ ಅಗರಬತ್ತಿಯ ಮಾತನ್ನು ನಂಬಿ. ಹಾಲಿನ ಕಿಟಕಿಯನ್ನು ಮಾತ್ರ ಮುಚ್ಚಬೇಡಿ, ಗ್ಯಾಸ್ ಉರಿಯುವಾಗ ಹೊಸಗಾಳಿ ಬೇಕೇ ಬೇಕು. ಸೊಸೈಟಿಯ ಚೀಟಿ ಅರ್ಧ ಸರಿಯಾಗಿತ್ತು ಎಂದು ಒಪ್ಪಬೇಕಾಯಿತು, ಕಾರಣ ಅವರಿಗೂ ಗೊತ್ತಿರಲಿಲ್ಲ ಅಷ್ಟೆ.

ಈಗ ನಮ್ಮ ಮನೆಯ ಭಾನುವಾರದ ಕ್ರಮ ಹೀಗಿದೆ. ಮಾರ್ಕೆಟ್ಟಿನಲ್ಲೇ ಮೀನನ್ನು ಹೆಚ್ಚಿಸಿ ತರುತ್ತೇನೆ. ನಾಲ್ಕು ಬಂಗುಡೆಗೆ ಒಂದು ಲಿಂಬೆಯ ರಸ, ಉಪ್ಪು, ಅರಿಶಿನ ಹಚ್ಚಿ ಹದಿನೈದು ನಿಮಿಷ ಬಿಟ್ಟು, ತೊಳೆದು, ನೀರನ್ನು ಪೂರ್ತಿ ಒರೆಸಿ ಮಸಾಲೆ ಹಚ್ಚುವುದು. ಈ ಒರೆಸುವುದನ್ನು ತಪ್ಪಿಸಬಾರದು, ಸಿಡಿಯುವುದೆಲ್ಲ ಆ ನೀರೇ. ಫ್ಯಾನನ್ನು ಎಣ್ಣೆ ಇಡುವ ಮೊದಲೇ ಹಾಕುತ್ತೇವೆ, ಟವೆಲ್ಲು, ಯೂನಿಫಾರ್ಮ್ ಎಲ್ಲ ಬೆಡ್‌ರೂಮಿಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತವೆ. ಚಪ್ಪಟೆ ಕಾವಲಿಯ ಬದಲು ಅಂಚು ಎತ್ತರವಿರುವ ಬಾಣಲೆ, ಅದರ ಮೇಲೆ ಸ್ಟೀಲಿನ ಜಾಲರಿ ಮುಚ್ಚಳ. ಎಣ್ಣೆ ಹೊಗೆಯಾಡಲು ಬಿಡುವುದಿಲ್ಲ, ಹೊಗೆ ಕಂಡರೆ ಉರಿ ಇಳಿಸುವುದು. ಒಮ್ಮೆ ಮೀನು ಹುರಿದ ಎಣ್ಣೆಯನ್ನು ಮತ್ತೆ ಕಾಯಿಸುವುದಿಲ್ಲ, ಎರಡನೇ ಸಲ ಅದು ಬೇಗ ಹೊಗೆಯಾಡುತ್ತದೆ.

ಹುರಿದು ಮುಗಿದ ಮೇಲೂ ಫ್ಯಾನ್ ಇಪ್ಪತ್ತು ನಿಮಿಷ ತಿರುಗಬೇಕು. ಊಟಕ್ಕೆ ಕೂರುವ ಮೊದಲು, ಬಾಣಲೆ ಇನ್ನೂ ಬೆಚ್ಚಗಿರುವಾಗಲೇ, ಉಳಿದ ಎಣ್ಣೆಯನ್ನು ಹಳೆಯ ಪೇಪರಿನಿಂದ ಒರೆಸಿ ತೆಗೆಯುತ್ತೇವೆ. ಅದು ಸಿಂಕಿಗೆ ಹೋದರೆ ಪೈಪಿನ ಬಾಗಿನಲ್ಲಿ ಗಟ್ಟಿಯಾಗಿ ಅಲ್ಲಿಂದ ವಾಸನೆ ಶುರು. ಒಂದು ಲೀಟರ್ ಬಿಸಿನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಒಲೆ, ಕಟ್ಟೆ, ಕೈಗೆಟುಕುವಷ್ಟು ಟೈಲ್ಸ್ ಒರೆಸಿ, ಆಮೇಲೆ ಬರೀ ನೀರಿನ ಬಟ್ಟೆ. ಇಲ್ಲಿ ವಿನೆಗರ್ ಬೇಡ, ಜಿಡ್ಡಿಗೆ ಬೇಕಾದ್ದು ಸೋಪು. ಒಟ್ಟು ಎಂಟು ನಿಮಿಷದ ಕೆಲಸ; ಸಂಜೆಗೆ ಬಿಟ್ಟರೆ ಜಿಡ್ಡು ಗಟ್ಟಿಯಾಗಿ ಅರ್ಧ ಗಂಟೆ. ಮುಳ್ಳು, ತಲೆ, ಒರೆಸಿದ ಪೇಪರುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿಟ್ಟು, ಸೋಮವಾರ ಕಸದವನು ಬಂದಾಗಲೇ ತೆಗೆಯುತ್ತೇವೆ. ಇದು ಹೆಂಡತಿಯ ಉಪಾಯ, ಅಮ್ಮನಿಗೆ ಇನ್ನೂ ಒಪ್ಪಿಗೆಯಾಗಿಲ್ಲ.

ತಿಂಗಳಿಗೊಮ್ಮೆ ಫ್ಯಾನಿನ ಸರದಿ. ಮೇನ್ ಸ್ವಿಚ್ ಆಫ್ ಮಾಡಿ ರೆಕ್ಕೆ, ಹಿಂದಿನ ಪಟ್ಟಿಗಳನ್ನು ಸೋಪುನೀರಿನಲ್ಲಿ ಒರೆಸಬೇಕು. ವಾಷಿಂಗ್ ಸೋಡಾ ಅಲ್ಯೂಮಿನಿಯಂ ರೆಕ್ಕೆಯನ್ನು ತಿನ್ನುತ್ತದೆ, ಅದನ್ನು ಸ್ಟೀಲಿನ ಜಾಲರಿಗೆ ಮಾತ್ರ ಇಟ್ಟುಕೊಳ್ಳಿ. ನಮ್ಮ ಫ್ಯಾನಿನ ಹಿಂದಿನ ಪಟ್ಟಿಗಳು ಜಿಡ್ಡಿನಿಂದ ಅರ್ಧ ತೆರೆದೇ ಅಂಟಿಕೊಂಡಿದ್ದವು. ಫ್ಯಾನ್ ನಿಂತಾಗ ಡಕ್ಟಿನ ವಾಸನೆಯೆಲ್ಲ ನಮ್ಮೊಳಗೆ ಬರುತ್ತಿದ್ದದ್ದು ಅದರಿಂದ. ಚಿಮಣಿ ಕೊಳ್ಳುವವರು ಪೈಪು ಹೊರಗೆ ಹೋಗುವಂಥದ್ದನ್ನೇ ನೋಡಿ. ಪೈಪಿಲ್ಲದ್ದು ಗಾಳಿಯನ್ನು ಇದ್ದಿಲಿನ ಫಿಲ್ಟರಿನಿಂದ ಸೋಸಿ ಮನೆಯೊಳಕ್ಕೇ ಬಿಡುತ್ತದೆ, ಫಿಲ್ಟರ್ ತುಂಬಿದ ಮೇಲೆ ತೊಳೆದು ಪ್ರಯೋಜನವಿಲ್ಲ, ಹೊಸದೇ ಹಾಕಬೇಕು.

ಇಷ್ಟಾದರೂ ಡಕ್ಟಿಗೆ ಹೋದದ್ದು ಮೇಲಕ್ಕೇ ಏರುತ್ತದೆ, ಬಿಸಿಗಾಳಿಯ ಗುಣ ಅದು. ಅಗರಬತ್ತಿ ಹಿಡಿದುಕೊಂಡೇ ಮೇಲಿನ ಮನೆಯ ಬೆನ್ ಹತ್ತಿರ ಹೋದೆ. ಅವರು ಎಕ್ಸಾಸ್ಟ್ ಆಫ್ ಮಾಡಿ ಡಕ್ಟಿನ ಕಿಟಕಿ ತೆರೆದಿಡುತ್ತಿದ್ದರು, ಹೊಗೆ ನೇರ ಒಳಗೆ. ಅವರ ಫ್ಯಾನ್ ಹಾಕಿ, ಆ ಕಿಟಕಿ ಮುಚ್ಚಿ, ಹಾಲಿನ ಕಿಟಕಿ ತೆರೆದಾಗ ಹೊಗೆ ಹೊರಕ್ಕೆ ತಿರುಗಿತು. ಅವರು ನಕ್ಕು, ನಿಮ್ಮ ಮನೆಗೆ ನಮ್ಮ ಹಿಂಗಿನ ವಾಸನೆ ಬರುವುದಿಲ್ಲವೇ ಎಂದು ಕೇಳಿದರು. ಬರುತ್ತದೆ ಎಂದೆ. ಈಗ ಭಾನುವಾರ ಹನ್ನೊಂದೂವರೆಗೆ ನಾನು ವಾಟ್ಸಾಪಿನಲ್ಲಿ ಒಂದು ಮೀನಿನ ಚಿತ್ರ ಕಳಿಸುತ್ತೇನೆ, ಅವರು ಮುಕ್ಕಾಲು ಗಂಟೆ ಫ್ಯಾನ್ ಹಾಕುತ್ತಾರೆ. ಕರಾರು ಜುಲೈಯಲ್ಲಿ ಮುಂದುವರಿಯಿತು, ಮೀನಿನ ಮಾತು ಯಾರೂ ಎತ್ತಲಿಲ್ಲ.

ಹಿಂಗಿನ ವಿಷಯಕ್ಕೆ ಬಂದರೆ, ಒಗ್ಗರಣೆ ಬೇರೆ ಜಾತಿ. ಸಾಸಿವೆ, ಒಣಮೆಣಸಿನ ಘಾಟು ಜೋರಾದರೂ ಬೇಗ ಹೋಗುತ್ತದೆ. ಹಿಂಗು, ಬೆಳ್ಳುಳ್ಳಿಯಲ್ಲಿ ಗಂಧಕದ ಅಂಶವಿರುವುದರಿಂದ ಬಟ್ಟೆಗೆ ಹಿಡಿದುಕೊಳ್ಳುತ್ತದೆ. ಇಲ್ಲಿ ಎಣ್ಣೆ ಕಡಿಮೆ, ಸಮಯ ಅರ್ಧ ನಿಮಿಷ. ಫ್ಯಾನ್ ಎರಡು ನಿಮಿಷ ಮೊದಲೇ ತಿರುಗುತ್ತಿರಬೇಕು, ಹಿಂಗನ್ನು ಉರಿ ಆರಿಸಿದ ಮೇಲೆ ಹಾಕಿ, ಒಗ್ಗರಣೆಯನ್ನು ಸಾರಿಗೆ ಸುರಿದ ಕ್ಷಣವೇ ಮುಚ್ಚಳ ಹಾಕಿದರೆ ಚುಂಯ್ ಎಂದು ಏಳುವುದು ಸಾರಿನಲ್ಲೇ ಉಳಿಯುತ್ತದೆ. ಪರಿಮಳ ತಟ್ಟೆಗೆ ಬಂದರೆ ಸಾಕಲ್ಲ.

ಕಷ್ಟವಿರುವುದು ಮಳೆಗಾಲದಲ್ಲಿ. ಜೂನ್-ಜುಲೈಯಲ್ಲಿ ದೋಣಿಗಳಿಗೆ ನಿಷೇಧವಿದ್ದು ತಾಜಾ ಮೀನು ದುಬಾರಿ, ಎಲ್ಲರ ಡಬ್ಬಿಯಿಂದ ಒಣ ಬೊಂಬಿಲ್ ಹೊರಬರುತ್ತದೆ. ಇರಚಲಿಗೆ ಪಶ್ಚಿಮದ ಕಿಟಕಿ ತೆರೆಯುವಂತಿಲ್ಲ, ಒಗೆದ ಬಟ್ಟೆ ಮೂರು ದಿನ ಹಾಲಿನಲ್ಲೇ ಒಣಗುತ್ತಿರುತ್ತದೆ, ಒದ್ದೆ ಬಟ್ಟೆ ವಾಸನೆ ಹಿಡಿದರೆ ಮತ್ತೆ ಒಗೆಯುವುದೇ ಗತಿ. ಆ ದಿನಗಳಲ್ಲಿ ಮುಖ್ಯ ಬಾಗಿಲಿನ ಸಂದು ಬಿಟ್ಟು ಗಾಳಿ ತರಿಸಲು ನೋಡಿದೆವು. ಮೆಟ್ಟಿಲ ಕಡೆಯಿಂದ ಗಾಳಿಯೇನೋ ಬಂತು, ಜೊತೆಗೆ ಪಕ್ಕದ ಮನೆಯವರೂ ‘ಇವತ್ತೇನು ವಿಶೇಷ?’ ಎಂದು ಬಂದರು. ಹಾಗಾಗಿ ಒಣಮೀನನ್ನು ಹುರಿಯುವುದನ್ನು ಅಕ್ಟೋಬರಿಗೆ ಮುಂದೂಡಿದ್ದೇವೆ. ಅಲ್ಲಿಯವರೆಗೆ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಆ ನೀರು ಚೆಲ್ಲಿ, ಹುಣಸೆ ಹೆಚ್ಚಿಗೆ ಹಾಕಿದ ಗಸಿಯಲ್ಲಿ ಮುಚ್ಚಳ ಮುಚ್ಚಿ ಬೇಯಿಸುತ್ತೇವೆ.